ಚೌಕಟ್ಟಿನ ಅಂಚಿನಲ್ಲಿ ನಿಂತಾಕೆ

ಬಾದಾಮಿಯ ಸ್ಟೇಷನ್ ರಸ್ತೆಯಲ್ಲಿ ಒಂದು ಕಿರಾಣಿ ಅಂಗಡಿಯ ಮೇಲೆ ಗೀತಾಂಜಲಿಯ ಖೋಲಿ ಇದೆ. ಬೋರ್ಡು ಹಾಕಿಲ್ಲ. ಕಿಟಕಿಗೆ ಮಾತ್ರ ಗಟ್ಟಿ ತಂತಿ ಜಾಳಿಗೆ ಬಡಿಸಿದ್ದಾಳೆ, ಇಲ್ಲದಿದ್ದರೆ ಮಂಗಗಳು ಒಳಗೆ ಬಂದು ಕಂಪ್ಯೂಟರಿನ ವೈರು ಹರಿದು ಹೋಗುತ್ತವೆ. ಅಪ್ಪ ದುರ್ಗಪ್ಪ ಹುನಗುಂದದ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನನಾಗಿದ್ದವನು. ಇಳಕಲ್ಲಿನಲ್ಲಿ ಬಿ.ಎ. ಓದುವಾಗ ಅವಳು ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆಯ ಆಲ್ಬಮ್ ಜೋಡಿಸುವ ಕೆಲಸಕ್ಕೆ ಸೇರಿದಳು. ಅಲ್ಲಿಯೇ ವಿಡಿಯೋ ಕತ್ತರಿಸಿ ಜೋಡಿಸುವುದನ್ನೂ ಕಲಿತಳು. ಲೈನ್‌ಮನ್ ದೀಪಕನನ್ನು ಮದುವೆಯಾಗಿ ಬಾದಾಮಿಗೆ ಬಂದ ಮೇಲೆ ಸ್ವಂತ ಕೆಲಸ ಶುರು ಮಾಡಿದಳು.

ಆಕ್ಷನ್ ಕ್ಯಾಮೆರಾದ ಪರಿಚಯ ಅವಳಿಗಾದದ್ದು ಒಂದು ದಿಬ್ಬಣದಿಂದ. ಮದುಮಗನ ಗೆಳೆಯರು ಬೆಂಕಿಪೆಟ್ಟಿಗೆಯಷ್ಟು ಸಣ್ಣ ಕ್ಯಾಮೆರಾವನ್ನು ಹೆಲ್ಮೆಟ್ಟಿಗೆ ಕಟ್ಟಿಕೊಂಡು ಬೈಕಿನಲ್ಲಿ ಬಂದಿದ್ದರು. ಕೆರೆಯ ದಂಡೆಯ ಮೇಲೆ ಬೈಕುಗಳು ಹೋಗುವ ದೃಶ್ಯ ನೋಡಿ ಮದುಮಗಳ ಅಪ್ಪ, ಕೆರಿ ಯಾಕ ತೊಟ್ಟಿಲಾಗೇತಿ ಎಂದು ಕೇಳಿದ್ದ. ಆ ಕ್ಯಾಮೆರಾದ ಕಣ್ಣು ಮೀನಿನ ಕಣ್ಣಿನ ಹಾಗೆ ಎದುರಿನದನ್ನೆಲ್ಲ ಒಂದೇ ಸಲಕ್ಕೆ ನೋಡಬೇಕೆನ್ನುತ್ತದೆ. ಅಷ್ಟನ್ನೂ ಸಣ್ಣ ಚೌಕಟ್ಟಿನಲ್ಲಿ ತುಂಬಲು ಅಂಚಿನದನ್ನೆಲ್ಲ ಬಗ್ಗಿಸುತ್ತದೆ. ನೀರಿನ ಗೆರೆ ಚಿತ್ರದ ನಡುವೆ ಇದ್ದರೆ ನೆಟ್ಟಗಿರುತ್ತದೆ, ತಲೆ ತಗ್ಗಿಸಿದರೆ ಗುಡ್ಡವಾಗುತ್ತದೆ, ಎತ್ತಿದರೆ ತೊಟ್ಟಿಲಾಗುತ್ತದೆ. ಬದಿಗೆ ನಿಂತ ಕಂಬ ಬಿಲ್ಲಾಗುತ್ತದೆ.

ಗೀತಾಂಜಲಿ ಹಟ ಹಿಡಿದು ಇದನ್ನು ಕಲಿತಳು. ಚದುರಂಗದ ಹಾಸಿನಂತೆ ಕಪ್ಪು ಬಿಳಿ ಚೌಕಗಳ ಹಾಳೆಯನ್ನು ಪ್ಲೈವುಡ್ಡಿಗೆ ಅಂಟಿಸಿ, ಯಾರ ಕ್ಯಾಮೆರಾ ಬಂದರೂ ಮೊದಲು ಅದರಿಂದ ಆ ಹಾಳೆಯನ್ನು ಚಿತ್ರದ ನಡುವಿನಲ್ಲಿ, ಮೂಲೆಗಳಲ್ಲಿ, ಓರೆಯಾಗಿ ಹಿಡಿದು ಚಿತ್ರೀಕರಿಸುತ್ತಿದ್ದಳು. ಯಾವ ಚೌಕ ಎಲ್ಲಿ ಎಷ್ಟು ಬಾಗಿದೆ ಎಂಬುದರಿಂದ ಸಾಫ್ಟ್‌ವೇರು ಆ ಲೆನ್ಸಿನ ಗುಣವನ್ನು ಲೆಕ್ಕ ಹಾಕುತ್ತಿತ್ತು. ಆ ಲೆಕ್ಕವನ್ನು ತಿರುವಿ ಹಾಕಿದರೆ ಬಾಗಿದ್ದೆಲ್ಲ ನೆಟ್ಟಗಾಗುತ್ತಿತ್ತು. ಗೆರೆ ನೆಟ್ಟಗಾದರೆ ಕೆಲಸ ಮುಗಿಯಿತು ಎಂದು ಅವಳು ತಿಳಿದಿದ್ದಳು. ನೆಟ್ಟಗೆ ಎಳೆದಾಗ ಅಂಚಿನ ಮುಖಗಳು ಎಳೆದ ರಬ್ಬರಿನಂತೆ ಹಿಗ್ಗುವುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಮದುವೆಯ ಕೆಲಸದಲ್ಲಿ ಅಂಚನ್ನು ಕತ್ತರಿಸಿ ಬಿಡುತ್ತಿದ್ದಳು. ಬಂಡೆ ಹತ್ತುವವರ ವಿಡಿಯೋದಲ್ಲಿ ಮಾತ್ರ ಹಾಗೆ ಮಾಡುತ್ತಿರಲಿಲ್ಲ, ಅವರಿಗೆ ಬಂಡೆ ಪೂರ್ತಿ ಬೇಕಾಗಿತ್ತು.

ಬಾದಾಮಿಯ ಕೆಂಪು ಬಂಡೆಗಳನ್ನು ಹಗ್ಗ ಕಟ್ಟಿಕೊಂಡು ಹತ್ತಲು ಚಳಿಗಾಲದಲ್ಲಿ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅವರಿಗೆ ದಾರಿ ತೋರಿಸುವ ಹುಡುಗರಲ್ಲಿ ಮಹಾಂತೇಶ, ಬೀರೇಶ ಜೋಡಿ. ಇಬ್ಬರೂ ಮಹಾಕೂಟದ ಕಡೆಯ ಒಂದು ಹಳ್ಳಿಯವರು. ಫೆಬ್ರುವರಿಯ ಒಂದು ಬೆಳಿಗ್ಗೆ ಹೊಸ ದಾರಿ ನೋಡೋಣವೆಂದು ಇಬ್ಬರೇ ಜೋಡಿಬಂಡೆಗೆ ಹೋದರು. ಬೀರೇಶ ಮೇಲೆ ಹತ್ತುತ್ತಿದ್ದ, ಮಹಾಂತೇಶ ಕೆಳಗೆ ಹಗ್ಗ ಹಿಡಿದು ನಿಂತಿದ್ದ. ಮೇಲೆ ಮುಂದಕ್ಕೆ ಬಾಗಿದ ಕಲ್ಲಿನ ಚಾಚಿನಲ್ಲಿದ್ದ ಹೆಜ್ಜೇನು ಎದ್ದಿತು. ಮಹಾಂತೇಶ ತನಗೂ ಕಚ್ಚಿಸಿಕೊಳ್ಳುತ್ತ ಗೆಳೆಯನನ್ನು ಕೆಳಗಿಳಿಸಿದ, ಆದರೆ ದವಾಖಾನೆ ಮುಟ್ಟುವುದರೊಳಗೆ ಬೀರೇಶನ ಜೀವ ಹೋಗಿತ್ತು.

ಕೆಲವು ದಿನಗಳಾದ ಮೇಲೆ ಮಹಾಂತೇಶ ಗೀತಾಂಜಲಿಯ ಖೋಲಿಗೆ ಬಂದ. ಮುಖದ ಬಾವು ಇನ್ನೂ ಪೂರಾ ಇಳಿದಿರಲಿಲ್ಲ. ತನ್ನ ಹೆಲ್ಮೆಟ್ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಟೇಬಲ್ಲಿನ ಮೇಲಿಟ್ಟು, ಬೀರೇಶನ ತಾಯಿ ರಂಗವ್ವ ಮಗ ನಡೆದಾಡುವುದನ್ನು ಒಮ್ಮೆ ನೋಡಬೇಕೆನ್ನುತ್ತಾಳೆ, ಜೇನುಹುಳ ಏಳುವುದಕ್ಕಿಂತ ಮುಂಚಿನದನ್ನಷ್ಟೇ ಮಾಡಿಕೊಡಿ ಎಂದು ಕೇಳಿಕೊಂಡ. ತಾನು ಅದನ್ನು ನೋಡುವುದಿಲ್ಲ ಎಂದ. ಗೀತಾಂಜಲಿ ಅಂದೇ ಕುಳಿತು, ಬಾಗಿದ ಬಂಡೆಯನ್ನು, ದೂರದ ಕೆರೆಯ ಗೆರೆಯನ್ನು ನೆಟ್ಟಗೆ ಮಾಡಿದಳು. ಬಿಗಿದು ನಿಂತ ಹಗ್ಗ ಗೌಂಡಿಯ ನೂಲುಗುಂಡಿನಂತೆ ನೆಟ್ಟಗೆ ಕಂಡಾಗ ಸಮಾಧಾನವಾಯಿತು. ಬೀರೇಶ ಬೂಟು ಕಟ್ಟುವುದು, ನಗುವುದು, ಬಂಡೆಗೆ ಕೈ ಹಚ್ಚುವುದು ಎಲ್ಲ ಚಿತ್ರದ ನಡುವೆಯೇ ಇದ್ದವು. ಅಂಚನ್ನು ಅವಳು ನೋಡಲಿಲ್ಲ.

ವಾರದ ಮೇಲೆ ಇಳಕಲ್ಲಿನ ನಾದಿನಿ ಅಂಜನಾ ಅವಳ ಫೋನಿಗೆ ಒಂದು ಚಿತ್ರ ಕಳಿಸಿದಳು. ಟಿವಿ ಪರದೆಯಿಂದ ಯಾರೋ ತೆಗೆದದ್ದು. ಕೆಂಪು ಬಂಡೆ, ಅದರ ಮೇಲೆ ಕೈ ಚಾಚಿದ, ಸಣ್ಣಗೆ ಕಾಣುವ ಒಬ್ಬ ಮನುಷ್ಯ. ಅವನಾಚೆ ಮೂಲೆಯಲ್ಲಿ ಅವನ ಎರಡು ಪಟ್ಟು ದೊಡ್ಡ ಹೆಂಗಸು. ದವಡೆ ಎದೆಯವರೆಗೆ ಜೋತಿತ್ತು. ಬಾಯಿ ತೆರೆದಿತ್ತು. ಒಂದು ಕೈ ಅವಳ ಮೈಗಿಂತ ಉದ್ದವಾಗಿ ಅವನ ಕಡೆ ಚಾಚಿತ್ತು, ಬೆರಳುಗಳು ಜಾಲಿಯ ಕಡ್ಡಿಯಂತಿದ್ದವು. ಹುಳ ಎಬ್ಬಿಸಿ ಹುಡುಗನನ್ನು ತಿಂದಾಕಿ ಎಂದು ಕೆಳಗೆ ಬರೆದಿತ್ತು.

ಗೀತಾಂಜಲಿಗೆ ಮೊದಲು ಹೆದರಿಕೆಯಾಯಿತು. ಆಮೇಲೆ ಹೆಂಗಸಿನ ಹಿಂದೆ ದೂರದಲ್ಲಿ ಕೆರೆಯ ಗೆರೆ ಕಂಡಿತು. ದಾರ ಹಿಡಿದು ಎಳೆದಷ್ಟು ನೆಟ್ಟಗಿತ್ತು. ಅದು ಅವಳೇ ಮಾಡಿದ ಗೆರೆ. ರಂಗವ್ವನ ಮನೆಯಲ್ಲಿ ವಿಡಿಯೋ ಹಾಕಿದಾಗ ಯಾರೋ ಅದರ ಫೋಟೋ ಹಿಡಿದಿದ್ದರು.

ಅವಳು ಮೂಲ ಕ್ಲಿಪ್ಪನ್ನೂ ತಾನು ತಿದ್ದಿದ್ದನ್ನೂ ಒಟ್ಟಿಗೆ ತೆರೆದು ನೋಡಿದಳು. ಮಧ್ಯಾಹ್ನದ ಬಿಸಿಲು, ಕೆಳಗೆ ಅಂಗಡಿಯಲ್ಲಿ ಜನರ ಮಾತು ಕೇಳುತ್ತಿತ್ತು, ಆದರೂ ಹೆದರಿ ಬಾಗಿಲು ತೆರೆದಿಟ್ಟುಕೊಂಡಳು. ಮೂಲದಲ್ಲಿ ಆ ಹೆಂಗಸು ಮೂಲೆಯಲ್ಲಿ ಬಾಳೆಕಾಯಿಯಂತೆ ಬಾಗಿ ಕುಗ್ಗಿದ ಸಣ್ಣ ಆಕಾರ, ಯಾರೂ ಗಮನಿಸುವಂತಿರಲಿಲ್ಲ. ತಿದ್ದಿದ್ದರಲ್ಲಿ ಮಾತ್ರ ಅವಳು ಉಸಿರಾಡುತ್ತಿದ್ದಳು. ಮಹಾಂತೇಶ ತಲೆ ತುಸು ಆಚೆ ತಿರುಗಿಸಿದರೆ ಅವಳ ಕೈ ಉದ್ದವಾಗುತ್ತಿತ್ತು. ಈಚೆ ತಿರುಗಿಸಿದರೆ ಗಿಡ್ಡವಾಗುತ್ತಿತ್ತು. ಅವಳು ನಿಂತಲ್ಲಿಂದ ಕದಲುತ್ತಿರಲಿಲ್ಲ, ಆದರೂ ಬೆಳೆಯುತ್ತಿದ್ದಳು, ಕುಗ್ಗುತ್ತಿದ್ದಳು. ಮಹಾಂತೇಶ ಪೂರ್ತಿ ಮೇಲೆ ನೋಡಿದಾಗಲೆಲ್ಲ ಸೂರ್ಯ ಎದುರು ಬಂದು ಚಿತ್ರ ಬೆಳ್ಳಗಾಗುತ್ತಿತ್ತು. ತಲೆ ತಗ್ಗಿಸಿದಾಗ ಮಾತ್ರ ಅವಳು ಮೂಲೆಯಲ್ಲಿ ಮತ್ತೆ ಕಾಣುತ್ತಿದ್ದಳು. ಧ್ವನಿಯಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ.

ಆ ಹೆಂಗಸು ಶಾರವ್ವ ಎಂದು ಊರಿನವರು ಸೀರೆಯಿಂದಲೇ ಗುರುತು ಹಿಡಿದಿದ್ದರು. ಅದೇ ಹಳ್ಳಿಯ ಇನ್ನೊಂದು ಕೇರಿಯವಳು, ಗಂಡ ತೀರಿ, ಮಗಳು ಮದುವೆಯಾಗಿ ಹೋದ ಮೇಲೆ ಒಬ್ಬಳೇ ಇದ್ದು, ಗುಡ್ಡದಿಂದ ಕಟ್ಟಿಗೆ, ಸೀತಾಫಲ ತಂದು ಮಾರಿ ಬದುಕುವವಳು. ಗೀತಾಂಜಲಿಗೆ ಗಂಡನ ಕಡೆಯಿಂದ ದೂರದ ಅತ್ತೆಯಾಗಬೇಕು. ಈಗ ನಳದ ಹತ್ತಿರ ಅವಳು ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಅವಳ ಮನೆಯ ಬಾಗಿಲಿಗೆ ಯಾರೋ ಬೇವಿನ ಟೊಂಗೆ, ನಿಂಬೆಹಣ್ಣು ಕಟ್ಟಿದ್ದರು, ಒಳಗಿನದು ಹೊರಗೆ ಬರದಿರಲಿ ಎಂದು.

ಶಾರವ್ವನೇ ಒಂದು ದಿನ ಬಸ್ಸು ಹಿಡಿದು ಬಂದಳು. ಗಿಡ್ಡ ಮೈಕಟ್ಟಿನ, ಮಾತು ಕಡಿಮೆಯ ಹೆಂಗಸು. ಅವಳ ಹತ್ತಿರ ಇದ್ದದ್ದು ಹಳೆಯ ಬಟನ್ ಫೋನು. ಎಲ್ಲರೂ ನೋಡಿದ್ದನ್ನು ಅವಳೊಬ್ಬಳೇ ನೋಡಿರಲಿಲ್ಲ. ತೋರಿಸು ಎಂದಳು. ಗೀತಾಂಜಲಿ ಬೇಡವೆಂದರೂ ಬಿಡಲಿಲ್ಲ. ಪರದೆಯ ಮೇಲೆ ಚಿತ್ರ ಬಂದಾಗ ಶಾರವ್ವ ಬಹಳ ಹೊತ್ತು ನೋಡಿದಳು.

"ಸೀರಿ ನಂದ ಐತಿ," ಎಂದಳು. "ಒಳಗಿರಾಕಿ ನಾನಲ್ಲ."

ಶಾರವ್ವ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಅಳತೆ ನೋಡುವವಳಂತೆ ಮೊಣಕೈಯಿಂದ ಬೆರಳಿನವರೆಗೆ ಸವರಿಕೊಳ್ಳುತ್ತಿದ್ದಳು. ಅಂದು ಏನಾಯಿತು ಎಂದು ಕೇಳಿದ್ದಕ್ಕೆ ನಿಧಾನವಾಗಿ ಹೇಳಿದಳು. ಕಟ್ಟಿಗೆಗೆಂದು ಪಕ್ಕದ ಬಂಡೆಯ ಮೇಲಿದ್ದಳು. ಬೀರೇಶನ ತಲೆಯ ಮೇಲಿನ ಗೂಡು ಅಲೆಯಂತೆ ಕದಲುವುದು ಕಂಡಿತು. ಇಳಿ ಎಂದು ಕೂಗಿದಳು, ಕೈ ಮಾಡಿದಳು. ಅವನು ನೋಡಿದ. ಆಮೇಲೆ ಹುಳ ಎದ್ದವು, ಅವಳು ಕಂಬಳಿ ಹೊದ್ದು ಸಂದಿಯಲ್ಲಿ ಬಿದ್ದುಕೊಂಡಳು. ಇದನ್ನೆಲ್ಲ ಊರಿನವರಿಗೆ ಆಗಲೇ ಹೇಳಿದ್ದಳು, ಆದರೆ ಚಿತ್ರ ಬಂದ ಮೇಲೆ ಯಾರೂ ಅವಳ ಮಾತು ಕೇಳಲಿಲ್ಲ.

ಮೊದಲು ಗೀತಾಂಜಲಿಗೆ ಒಂದು ಸುಲಭದ ದಾರಿ ತೋಚಿತ್ತು. ಮುಖವನ್ನು ತಾನೇ ಸ್ಪಷ್ಟ ಮಾಡಿಕೊಡುವ ಆ್ಯಪ್‌ಗಳಿವೆ, ಅದರಲ್ಲಿ ಹಾಕೋಣವೆಂದು. ಹಾಕಿ ನೋಡಿದರೆ ನಗುಮುಖದ, ತಿದ್ದಿದ ಹುಬ್ಬಿನ ಯಾರೋ ತರುಣಿ ಶಾರವ್ವನ ಸೀರೆಯುಟ್ಟು ನಿಂತಿದ್ದಳು. ಅದು ಮೊದಲಿನದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಅಳಿಸಿಬಿಟ್ಟಳು. ಇರುವುದನ್ನು ತೋರಿಸಬೇಕೇ ಹೊರತು ಇಲ್ಲದ್ದನ್ನು ತುಂಬಬಾರದು.

ಆಮೇಲೆ ಸರಿಯಾದ ದಾರಿ ಹಿಡಿದಳು. ಇಡೀ ಚಿತ್ರವನ್ನು ನೆಟ್ಟಗೆ ಎಳೆಯುವುದರಿಂದಲೇ ಅಂಚು ಹಿಗ್ಗುತ್ತದೆ. ಆದರೆ ನಡುವಿನಲ್ಲಿ ಗೆರೆಯೂ ನೆಟ್ಟಗಿರುತ್ತದೆ, ಮುಖವೂ ಮುಖದಂತೆಯೇ ಇರುತ್ತದೆ. ಹಾಗಾದರೆ ಶಾರವ್ವನನ್ನೇ ನಡುವಿಗೆ ತರಬೇಕು. ಚೌಕದ ಹಾಳೆಯಿಂದ ಲೆನ್ಸಿನ ಲೆಕ್ಕ ಇದ್ದುದರಿಂದ, ಮೂಲ ಚಿತ್ರದ ಪ್ರತಿ ಚುಕ್ಕೆ ಯಾವ ದಿಕ್ಕಿನಿಂದ ಬಂದ ಬೆಳಕೆಂದು ಹೇಳಬಹುದಿತ್ತು. ಮಹಾಂತೇಶ ಅಂದು ತಲೆಯನ್ನು ಅವಳ ಕಡೆ ತಿರುಗಿಸಿ, ಅಗಲವಲ್ಲದ ಸಾಧಾರಣ ಲೆನ್ಸಿನಿಂದ ನೋಡಿದ್ದರೆ ಏನು ಕಾಣುತ್ತಿತ್ತೋ ಅದನ್ನು ಆ ದಿಕ್ಕುಗಳಿಂದಲೇ ಮತ್ತೆ ಕಟ್ಟಬಹುದಿತ್ತು. ಅದೃಷ್ಟಕ್ಕೆ ಅವನು ಕ್ಯಾಮೆರಾದಲ್ಲಿ ಅಲುಗಾಟ ತಡೆಯುವ ಗುಂಡಿ ಒತ್ತಿರಲಿಲ್ಲ. ಒತ್ತಿದ್ದರೆ ಚಿತ್ರ ಕ್ಷಣಕ್ಷಣಕ್ಕೂ ತಾನೇ ಜರುಗುತ್ತಿತ್ತು, ಲೆಕ್ಕ ಹೊಂದುತ್ತಿರಲಿಲ್ಲ.

ನೋಟ ಮೆಲ್ಲಗೆ ತಿರುಗಿತು. ಹೆಂಗಸು ಮೂಲೆ ಬಿಟ್ಟು ನಡುವಿಗೆ ಜಾರಿ ಬರುತ್ತ ಬರುತ್ತ ಅವಳ ದವಡೆ ಮೇಲೇರಿತು, ಕೈ ಒಳಗೆ ಸೇರಿಕೊಂಡಿತು, ಬೆರಳು ಬೆರಳಾದವು. ಚಿತ್ರ ಕಾಳುಕಾಳಾಗಿತ್ತು, ಮೂಲೆಯಲ್ಲಿ ಇದ್ದಷ್ಟೇ ಚುಕ್ಕೆಗಳು. ಆದರೂ ಅದು ಗಿಡ್ಡ ಮೈಕಟ್ಟಿನ ಒಬ್ಬ ಹೆಂಗಸು, ಅಂಗೈ ಕೆಳಗೆ ಮಾಡಿ ಇಳಿ ಇಳಿ ಎನ್ನುತ್ತಿದ್ದಳು. ಪಕ್ಕದಲ್ಲಿ ಬೀರೇಶ. ಮೊದಲಿನ ಚಿತ್ರದಲ್ಲಿ ಸಹಾಯ ಬೇಡುವಂತೆ ಚಾಚಿಕೊಂಡಿದ್ದ ಅವನ ಕೈಯೂ ಈಗ ಸರಿಯಾಗಿ ಕಂಡಿತು. ಅಂಗೈಯನ್ನು ಅವಳ ಕಡೆ ತೋರಿಸಿ ಎರಡು ಸಲ ಬೀಸಿದ್ದ.

ಶಾರವ್ವ ಕುರ್ಚಿಯಲ್ಲಿ ಕುಳಿತಲ್ಲೇ ಅದೇ ರೀತಿ ಕೈ ಎತ್ತಿದಳು, ಪರದೆಯ ಮೇಲಿನವಳು ಕೈ ಇಳಿಸುವವರೆಗೂ ಇಳಿಸಲಿಲ್ಲ.

ಗೀತಾಂಜಲಿ ಮಹಾಂತೇಶನನ್ನು ಕರೆಸಿ ತೋರಿಸಿದಳು. ಅವನು ಅತ್ತ. ಆಮೇಲೆ, ಇದರಿಂದ ಏನೂ ಆಗುವುದಿಲ್ಲ ಎಂದ. "ಎರಡೂ ನೀವ ಮಾಡೀರಿ ಅಕ್ಕಾರ. ನಿಮ್ಮ ಕೇರಿಯಾಕಿ ಅಂತ ಚಂದ ಮಾಡ್ಯಾರ ಅಂತಾರ. ಯಾವುದು ಖರೆ ಅಂತ ಹೆಂಗ ನಂಬಬೇಕು ಅವರು?"

ಮಾತು ನಿಜವಾಗಿತ್ತು. ರಾತ್ರಿಯೆಲ್ಲ ಯೋಚಿಸಿ ಗೀತಾಂಜಲಿ ಮರುದಿನ ಬೀರೇಶನ ಮನೆಗೆ ಹೋದಳು. ತಂದೆ ಅಮಸಿದ್ದಪ್ಪ ಬೀರಪ್ಪನ ಭಕ್ತ, ಕುರಿ ಕಾಯ್ದು ಆ ಗುಡ್ಡಗಳಲ್ಲೇ ಮುದುಕನಾದವನು. ಅವಳು ವಾದ ಮಾಡಲಿಲ್ಲ. ಜೋಡಿಬಂಡೆಗೆ ತನ್ನ ಜೊತೆ ಬರಬೇಕು, ಶಾರವ್ವ ನಿಂತಲ್ಲಿ ಅವನೇ ನಿಲ್ಲಬೇಕು, ಅಷ್ಟೇ ಎಂದು ಕೇಳಿದಳು. ಅವನು ಒಲ್ಲೆ ಎನ್ನುತ್ತಾನೆಂದುಕೊಂಡಿದ್ದಳು. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದ. ರಂಗವ್ವನೂ ಹಿಂದೆಯೇ ಹೊರಟಳು.

ಸಾವಿನ ನಂತರ ಅಲ್ಲಿಗೆ ಯಾರೂ ಹೋಗಿರಲಿಲ್ಲ. ಹುಳ ಗೂಡು ಬಿಟ್ಟು ಹೋಗಿದ್ದವು. ಚಾಚಿನ ಕೆಳಗೆ ಗೂಡಿನ ಮೇಣದ ಕಲೆ ಮಾತ್ರ ಕಪ್ಪು ಬಾಯಿಯಂತೆ ಉಳಿದಿತ್ತು. ಬೆಳಗಿನ ಹೊತ್ತು, ಆದರೂ ಒಂದು ಹಕ್ಕಿಯ ದನಿಯಿಲ್ಲ. ಎರಡು ಬಂಡೆಗಳ ನಡುವೆ ಗಾಳಿ ನುಗ್ಗಿ, ಯಾರೋ ಬಾಯಿ ಮುಚ್ಚಿಕೊಂಡು ಕೂಗಿದಂತೆ ಕೇಳುತ್ತಿತ್ತು. ಮಹಾಂತೇಶ ಅದೇ ಹೆಲ್ಮೆಟ್ಟು, ಅದೇ ಕ್ಯಾಮೆರಾ ಹಾಕಿಕೊಂಡು ಅಂದು ನಿಂತಲ್ಲೇ ನಿಂತ. ಅಮಸಿದ್ದಪ್ಪ ಹಿಂಬದಿಯಿಂದ ಸುತ್ತಿ ಪಕ್ಕದ ಬಂಡೆ ಹತ್ತಿದ. ಗೀತಾಂಜಲಿ ಹೇಳಿದಂತೆ ಕೈ ಚಾಚಿ, ಮಗ ತೂಗಿದ್ದ ಜಾಗದ ಕಡೆ ನೋಡಿ, ಬಾಯಿ ತೆರೆದು ಏನೋ ಕೂಗಿದ. ಏನೆಂದು ಗಾಳಿಯಲ್ಲಿ ಯಾರಿಗೂ ಕೇಳಲಿಲ್ಲ.

ಕೆಳಗೆ ನೆರಳಿನಲ್ಲಿ ಕಂಬಳಿಯ ಮೇಲೆ ಲ್ಯಾಪ್‌ಟಾಪು ತೆರೆದು ಗೀತಾಂಜಲಿ ಎಲ್ಲರ ಕಣ್ಣೆದುರೇ ಮೊದಲಿನ ಕೆಲಸವನ್ನು ಮತ್ತೆ ಮಾಡಿದಳು. ಮೂಲ ಚಿತ್ರ, ಮೂಲೆಯಲ್ಲಿ ಬಾಗಿದ ಸಣ್ಣ ಮುದುಕ. ಗೆರೆಗಳನ್ನು ನೆಟ್ಟಗೆ ಎಳೆದಳು. ಬಂಡೆಯ ಮೇಲೆ ದವಡೆ ಜೋತುಬಿದ್ದ, ಕಂಬಳಿ ಹೊದ್ದ, ಕಡ್ಡಿ ಬೆರಳುಗಳ ಉದ್ದ ಕೈಯ ಒಂದು ಆಕಾರ ನಿಂತಿತು. ಮಹಾಂತೇಶ ತಲೆ ಆಚೆ ತಿರುಗಿಸಿದಂತೆ ಅದರ ಕೈ ಬೆಳೆಯಿತು.

ರಂಗವ್ವ ಗಂಡನಿಂದ ದೂರ ಸರಿದು ಕುಳಿತಳು. ಅವನ ಮುಖ ನೋಡಿದಳು, ಪರದೆ ನೋಡಿದಳು, ಮತ್ತೆ ಅವನ ಮುಖ ನೋಡಿದಳು. ಅಮಸಿದ್ದಪ್ಪ ತನ್ನ ಗದ್ದ ಮುಟ್ಟಿಕೊಂಡ.

"ಇದು ನಾನ ಏನು ತಂಗಿ?"

"ನೀವರಿ ಕಾಕಾರ. ಗೆರಿ ನೆಟ್ಟಗ ಮಾಡಾಕ ಹೋಗಿ ನಾ ನಿಮ್ಮನ್ನ ಹಿಂಗ ಎಳದೇನಿ. ಶಾರವ್ವತ್ತಿನ್ನೂ ಹಿಂಗ ಎಳದೇನಿ."

ನೋಟವನ್ನು ಅವನ ಕಡೆ ತಿರುಗಿಸಿದಳು. ಆಕಾರ ನಡುವಿಗೆ ಬಂದು ಅಮಸಿದ್ದಪ್ಪನಾಯಿತು. ಅದಾದ ಮೇಲೆ ಬೀರೇಶನ ಕ್ಲಿಪ್ಪನ್ನು ತೆರೆದು, ಅದೇ ರೀತಿ, ಒಂದೊಂದೇ ಹೆಜ್ಜೆ ತೋರಿಸುತ್ತ ತಿರುಗಿಸಿದಳು. ಶಾರವ್ವ ಬಂದಳು. ಬೀರೇಶ ಬಂದ. ಅಂಗೈ ತೋರಿಸಿ ಎರಡು ಸಲ ಬೀಸಿದ. ಇನ್ನೊಮ್ಮೆ ಹಾಕು ಎಂದು ರಂಗವ್ವ ಹೇಳಿದಳು. ಹಾಕಿದಳು. ರಂಗವ್ವ ಪರದೆಯ ಹತ್ತಿರ ಬಗ್ಗಿದಳು.

"ಕರಿಯಾಕತ್ತಿಲ್ಲ ಅವಾ," ಎಂದಳು. "ನೀ ಹೋಗು, ನೀ ಹೋಗು ಅನ್ನಾಕತ್ಯಾನ ಆಕಿಗೆ."

ಬಂಡೆಯ ಸಂದಿಯಲ್ಲಿ ಗಾಳಿ ಕೂಗುತ್ತಲೇ ಇತ್ತು.

ಹೆಜ್ಜೇನು ಯಾಕೆ ಎದ್ದಿತು ಎಂಬುದು ಇಂದಿಗೂ ಗೊತ್ತಿಲ್ಲ. ಗಿಡುಗ ಹಾಯ್ದಿರಬಹುದು, ಹಗ್ಗದ ಸಪ್ಪಳಕ್ಕೆ ಇರಬಹುದು. ಆ ಸಂಜೆ ಅಮಸಿದ್ದಪ್ಪ ಶಾರವ್ವನ ಕೇರಿಗೆ ನಡೆದುಹೋದ. ಬಾಗಿಲಿಗೆ ಕಟ್ಟಿದ್ದ ಬೇವಿನ ಟೊಂಗೆಯನ್ನು ತಾನೇ ಬಿಚ್ಚಿ ಒಗೆದು, ಕಟ್ಟೆಯ ಮೇಲೆ ಕುಳಿತು ಕುಡಿಯಲು ನೀರು ಕೇಳಿದ. ಆ ಊರಲ್ಲಿ ಆ ಕೇರಿಯ ಚರಿಗೆಯಿಂದ ಅವನ ಮಂದಿ ನೀರು ಕುಡಿದದ್ದನ್ನು ಯಾರೂ ಕಂಡಿರಲಿಲ್ಲ. ಶಾರವ್ವ ತಂದುಕೊಟ್ಟಳು, ಅವನು ಎಲ್ಲರೂ ನೋಡುವಂತೆ ಕುಡಿದ. ಕ್ಷಮೆಯ ಮಾತು ಆಡಲಿಲ್ಲ, ಅವಳೂ ಕೇಳಲಿಲ್ಲ. ಮರುದಿನದಿಂದ ನಳದ ಹತ್ತಿರ ಅವಳ ಕೊಡದ ಪಕ್ಕ ಬೇರೆ ಕೊಡಗಳು ಮೆಲ್ಲಗೆ ಬಂದು ಕೂತವು. ಎಲ್ಲವೂ ಅಲ್ಲ.

ರಂಗವ್ವ ಮಗನ ಫೋಟೋ ಮಾಡಿಸಲು ಬಂದಾಗ, ಬೂಟು ಕಟ್ಟುತ್ತ ನಗುವ ಸ್ಪಷ್ಟವಾದ ಚಿತ್ರ ಬೇಡವೆಂದಳು. ಕಾಳುಕಾಳಾದ, ಕೈ ಬೀಸುವ ಚಿತ್ರವೇ ಬೇಕು, ಶಾರವ್ವನನ್ನು ಕತ್ತರಿಸಬೇಡ ಎಂದಳು. ಬದುಕಿರುವವಳು ಜೊತೆಗಿರುವ ಚಿತ್ರಕ್ಕೆ ಮಾಲೆ ಹಾಕುವಂತಿಲ್ಲ. ಹಾಗಾಗಿ ಆ ಮನೆಯ ಗೋಡೆಯ ಮೇಲೆ ಮಾಲೆ ಅರ್ಧ ಚೌಕಟ್ಟಿಗೆ ಮಾತ್ರ ಇಳಿಬಿದ್ದಿದೆ. ಇನ್ನರ್ಧದಲ್ಲಿ ಶಾರವ್ವ ಕೈ ಎತ್ತಿ ನಿಂತಿದ್ದಾಳೆ. ಹೊಸಬರು ಒಳಗೆ ಬಂದರೆ ಮೊದಲು ಅವಳನ್ನು ನೋಡಿ ಬೆಚ್ಚುತ್ತಾರೆ. ಮಹಾಂತೇಶ ಹಗ್ಗದ ಕೆಲಸ ಬಿಟ್ಟು ಬಾಗಲಕೋಟೆಯಲ್ಲಿ ಟಂಟಂ ಆಟೋ ಓಡಿಸುತ್ತಾನೆ.

ಗೀತಾಂಜಲಿ ಈಗ ಯಾವ ಕೆಲಸ ಬಂದರೂ ಗೆರೆಗಿಂತ ಮೊದಲು ಅಂಚಿನಲ್ಲಿ ಯಾರಿದ್ದಾರೆ ಎಂದು ನೋಡುತ್ತಾಳೆ. ಮಂದಿ ಇದ್ದರೆ ಪೂರ್ತಿ ಎಳೆಯುವುದಿಲ್ಲ, ಗೆರೆಯಲ್ಲಿ ತುಸು ಬಾಗು ಉಳಿಸಿ ಮುಖವನ್ನು ಉಳಿಸುತ್ತಾಳೆ. ಕೆರೆ ಸ್ವಲ್ಪ ಬಾಗಿದೆಯಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಇರಲಿ ಎನ್ನುತ್ತಾಳೆ.

ಕಳೆದ ಶ್ರಾವಣದಲ್ಲಿ ಅವಳೂ ಶಾರವ್ವನೂ ಇಳಕಲ್ಲಿನ ಬಸ್ಸಿನಲ್ಲಿ ಹೋಗುತ್ತಿದ್ದರು. ಶಾರವ್ವನ ಮಗಳು ಅಲ್ಲಿ ಬಾಣಂತಿಯಾಗಿದ್ದಳು. ಹುನಗುಂದ ದಾಟಿದ ಮೇಲೆ ಎದುರಿನ ಸೀಟಿನ ಒಬ್ಬಾಕೆ ಫೋನು ನೋಡುತ್ತಿದ್ದವಳು ಹಿಂದಕ್ಕೆ ತಿರುಗಿ, ನೋಡಬೇ, ಇಂಥಾದ್ದು ಐಹೊಳಿ ಗುಡ್ಡದಾಗ ಬಂದೈತಂತ ಎಂದು ಪರದೆಯನ್ನು ಶಾರವ್ವನ ಮುಖದ ಮುಂದೆ ಹಿಡಿದಳು. ಅದೇ ಚಿತ್ರ. ಯಾರೋ ಅದನ್ನು ಇನ್ನಷ್ಟು ಎಳೆದು, ಕತ್ತಲು ಮಾಡಿ, ಸೀರೆಯ ಬಣ್ಣ ಬದಲಿಸಿದ್ದರು. ಎರಡು ಮುಖಗಳ ನಡುವೆ ಒಂದು ಗೇಣು ಅಂತರವಿತ್ತು. ಆ ಹೆಂಗಸು ಚಿತ್ರವನ್ನೂ ಶಾರವ್ವನನ್ನೂ ನೋಡುತ್ತಿದ್ದಳು, ಆದರೆ ಗುರುತು ಹತ್ತಲಿಲ್ಲ.

ಗೀತಾಂಜಲಿ ಬಾಯಿ ತೆರೆದಳು. ಶಾರವ್ವ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದಳು. ಚಿತ್ರವನ್ನು ಹತ್ತಿರದಿಂದ ನೋಡಿ, ಅಪರಿಚಿತರ ಬಗ್ಗೆ ಮಾತಾಡುವಂತೆ ಮೆಲ್ಲಗೆ ಹೇಳಿದಳು.

"ಭಾಳ ದೂರದಾಕಿ ಇರಬೇಕು ನೋಡವ್ವಾ. ಈ ಕಡಿ ನಾ ಎಂದೂ ಕಂಡಿಲ್ಲ."